ನೆಗಡಿಯಾದಾಗ ಹಾಲು ಕುಡಿದರೆ ಕಫ ಹೆಚ್ಚುತ್ತದೆಯೇ? ಮನೆಯಲ್ಲಿ ಜಗಳ ನಡೆಯುತ್ತಿದೆ

ತುಂಗಾತೀರ
ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಮಗನಿಗೆ ಮೂರು ವರ್ಷ. ಸೋಮವಾರದಿಂದ ಮೂಗು ಸುರಿಯುತ್ತಿದೆ, ರಾತ್ರಿ ಕೆಮ್ಮು. ಮೊದಲ ದಿನ ಸ್ವಲ್ಪ ಜ್ವರವಿತ್ತು, ಈಗಿಲ್ಲ. ಅನ್ನ, ದೋಸೆ ಯಾವುದನ್ನೂ ಮುಟ್ಟುತ್ತಿಲ್ಲ, ಕೇಳುವುದು ಹಾಲೊಂದನ್ನೇ. ನಮ್ಮ ಅತ್ತೆ "ಹಾಲು ಕೊಟ್ಟರೆ ಕಫ ಕಟ್ಟುತ್ತದೆ" ಎಂದು ಪೂರ್ತಿ ನಿಲ್ಲಿಸಿಬಿಟ್ಟಿದ್ದಾರೆ. ನಿನ್ನೆ ರಾತ್ರಿ ಅವನ ಅಳು ನೋಡಲಾರದೆ ನಾನೇ ಒಂದು ದೊಡ್ಡ ಲೋಟ ಹಾಲು ಕೊಟ್ಟು ಮಲಗಿಸಿದೆ. ಅರ್ಧ ಗಂಟೆಯೊಳಗೆ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡ. ಬಿಳಿಯ ಗಟ್ಟಿ ಲೋಳೆ, ದಾರ ದಾರವಾಗಿ. "ನೋಡಿದೆಯಾ ಕಫ?" ಎಂದರು ಅತ್ತೆ. ನನ್ನ ಬಳಿ ಉತ್ತರವಿರಲಿಲ್ಲ.

ಆದರೆ ಒಂದು ವಿಷಯ ನನಗೆ ಅರ್ಥವಾಗುತ್ತಿಲ್ಲ. ಮನೆಯಲ್ಲಿ ದೊಡ್ಡವರಿಗೆ ನೆಗಡಿಯಾದರೆ ಇದೇ ಅತ್ತೆ ಹಾಲಿಗೆ ಅರಿಶಿನ, ಕುಟ್ಟಿದ ಕಾಳುಮೆಣಸು ಹಾಕಿ ಕುದಿಸಿ ಕೊಡುತ್ತಾರೆ. ಅದು ಹಾಲಲ್ಲವೇ? ತಿಳಿದವರು ಹೇಳಿ, ನಾನು ಜಗಳಕ್ಕೆ ಸಿದ್ಧಳಾಗಬೇಕು.

ಕರಿಮೆಣಸು
ನಿಮ್ಮ ಅತ್ತೆ ಹೇಳುವುದು ಸರಿ. ಯಾವ ಪುಸ್ತಕವೂ ಬೇಡ, ನನ್ನ ಗಂಟಲೇ ಸಾಕ್ಷಿ. ನೆಗಡಿಯಲ್ಲಿ ಹಾಲು ಕುಡಿದ ಎರಡನೆಯ ನಿಮಿಷಕ್ಕೆ ಗಂಟಲಲ್ಲಿ ಅಂಟು ಅಂಟಾಗುತ್ತದೆ, ಕೆರೆದು ಕೆರೆದು ಕ್ಯಾಕರಿಸಬೇಕಾಗುತ್ತದೆ. ಇಲ್ಲದ್ದು ಎಲ್ಲಿಂದ ಬರುತ್ತದೆ?

ಬಯಲುಸೀಮೆ
ಬಾಳೆಹಣ್ಣೂ ಕೊಡಬೇಡಿ.

ಲೋಕಾಭಿರಾಮ
ನನಗೂ ಹಾಲು ಆಗುವುದಿಲ್ಲ. ಕುಡಿದ ಒಂದು ಗಂಟೆಗೆ ಹೊಟ್ಟೆ ಉಬ್ಬರಿಸಿ ಗುಡುಗುಡು ಶುರುವಾಗುತ್ತದೆ. ಹಾಲು ಮನುಷ್ಯನ ಆಹಾರವೇ ಅಲ್ಲ ಎಂದು ಆಗಿನಿಂದ ನಿರ್ಧರಿಸಿದ್ದೇನೆ.

ಕಿವಿಮೂಗು
ಲೋಕಾಭಿರಾಮರೇ, ಅದು ಬೇರೆ ಕಥೆ. ಹಾಲಿನ ಸಕ್ಕರೆ ನಿಮ್ಮ ಕರುಳಿನಲ್ಲಿ ಜೀರ್ಣವಾಗುತ್ತಿಲ್ಲ, ತೊಂದರೆಯೆಲ್ಲ ಹೊಟ್ಟೆಯದು. ಮೂಗಿಗೂ ಅದಕ್ಕೂ ಸಂಬಂಧವಿಲ್ಲ.

ತುಂಗಾತೀರ ಅವರೇ, ನಾನು ಹುಬ್ಬಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ಮೊದಲು ನಿನ್ನೆ ರಾತ್ರಿಯ ವಾಂತಿಯ ವಿಚಾರ, ಏಕೆಂದರೆ ಮನೆಮನೆಯಲ್ಲಿ ಈ ನಂಬಿಕೆಗೆ ಮುದ್ರೆ ಬೀಳುವುದು ಅಲ್ಲಿಯೇ. ಮೂರು ವರ್ಷದ ಮಗುವಿಗೆ ಕಫವನ್ನು ಉಗುಳಲು ಬರುವುದಿಲ್ಲ. ಮೂಗಿನ ಹಿಂಬದಿಯಿಂದ ಇಳಿದದ್ದನ್ನೆಲ್ಲ ದಿನವಿಡೀ ನುಂಗುತ್ತಿರುತ್ತದೆ, ಅದು ಹೊಟ್ಟೆಯಲ್ಲಿರುತ್ತದೆ. ಅದರ ಮೇಲೆ ಒಂದು ಲೋಟ ಹಾಲು ಬಿದ್ದರೆ ಹೊಟ್ಟೆಯ ಆಮ್ಲಕ್ಕೆ ಹಾಲು ಒಡೆದು ಗಟ್ಟಿಯಾಗುತ್ತದೆ, ಯಾರ ಹೊಟ್ಟೆಯಲ್ಲಾದರೂ ಹೀಗೆಯೇ. ಮಲಗಿದ ಕೂಡಲೇ ಮೂಗಿನ ನೀರು ಗಂಟಲಿಗೆ ಜಾರುತ್ತದೆ, ಕೆಮ್ಮು ಬರುತ್ತದೆ, ಕೆಮ್ಮಿನ ರಭಸಕ್ಕೆ ತುಂಬಿದ ಹೊಟ್ಟೆ ಮೇಲೆ ಬರುತ್ತದೆ. ನೀವು ನೋಡಿದ ಬಿಳಿಯ ದಾರದಲ್ಲಿ ಬಹುಪಾಲು ಒಡೆದ ಹಾಲು, ಜೊತೆಗೆ ನುಂಗಿದ ಸಿಂಬಳ. ಹಾಲಿನ ಬದಲು ರಾಗಿ ಗಂಜಿ ಕೊಟ್ಟಿದ್ದರೆ ಗಂಜಿ ಬರುತ್ತಿತ್ತು. ಆಗ ಯಾರೂ ಅದನ್ನು ಕಫ ಎನ್ನುತ್ತಿರಲಿಲ್ಲ, ಬಣ್ಣ ಬೇರೆ ನೋಡಿ.

ಕರಿಮೆಣಸು ಅವರ ಗಂಟಲಿನ ಸಾಕ್ಷಿಯನ್ನೂ ನಾನು ಸುಳ್ಳೆನ್ನುವುದಿಲ್ಲ. ಆ ಅಂಟು ನಿಜವಾದದ್ದೇ. ಹಾಲು ಎಂದರೆ ನೀರಿನಲ್ಲಿ ತೇಲುವ ಕೊಬ್ಬಿನ ಸಣ್ಣ ಸಣ್ಣ ಹನಿಗಳು. ಅದು ಬಾಯಿಯಲ್ಲಿ ಜೊಲ್ಲಿನೊಂದಿಗೆ ಬೆರೆತಾಗ ಹನಿಗಳು ಒಂದಕ್ಕೊಂದು ಗುಂಪುಗೂಡುತ್ತವೆ, ಮಿಶ್ರಣ ಸ್ವಲ್ಪ ದಪ್ಪವಾಗಿ ನಾಲಿಗೆಯ ಬುಡಕ್ಕೂ ಗಂಟಲಿಗೂ ಕೊಂಚ ಹೊತ್ತು ಹತ್ತಿಕೊಳ್ಳುತ್ತದೆ. ಅದು ಹಾಲು ಬೆರೆತ ಜೊಲ್ಲು. ಮೂಗಾಗಲಿ ಶ್ವಾಸಕೋಶವಾಗಲಿ ತಯಾರಿಸಿದ ಹೊಸ ಕಫವಲ್ಲ. ಪರೀಕ್ಷೆ ಸುಲಭ: ಹಾಲಾದ ಮೇಲೆ ಎರಡು ಗುಟುಕು ಬಿಸಿನೀರು ಕುಡಿಯಿರಿ. ಬಹುಪಾಲು ಹೊರಟುಹೋಗುತ್ತದೆ. ಎದೆಯ ಕಫ ಎರಡು ಗುಟುಕು ನೀರಿಗೆ ಹೋಗುತ್ತಿದ್ದರೆ ನನ್ನ ಚಿಕಿತ್ಸಾಲಯ ಮುಚ್ಚಬೇಕಾಗುತ್ತಿತ್ತು.

ಕರಿಮೆಣಸು
ಎರಡು ನಿಮಿಷದಲ್ಲಿ ಆಗುವುದು ಜೊಲ್ಲು, ಒಪ್ಪಿದೆ. ಆದರೆ ರಾತ್ರಿ ಹಾಲು ಕುಡಿದು ಮಲಗಿದರೆ ಬೆಳಿಗ್ಗೆ ಮೂಗು ಕಟ್ಟಿರುತ್ತದಲ್ಲ, ಅದು?

ಅಂಕಿಅಂಶ
ಹಾಲು ಕುಡಿಯದೆ ಮಲಗಿದ ರಾತ್ರಿಗಳ ಬೆಳಗನ್ನೂ ಬರೆದಿಟ್ಟಿದ್ದೀರಾ? ನೆಗಡಿಯಲ್ಲಿ ಮಲಗಿ ಎದ್ದವನ ಮೂಗು ಕಟ್ಟಿರುವುದು ಸಹಜ.

ಗೋಕುಲ ಮಂಡ್ಯ
ಇದೆಲ್ಲ ಬಾದಾಮಿ ಹಾಲು, ಸೋಯಾ ಹಾಲು ಮಾರುವವರ ಹುನ್ನಾರ. ನಮ್ಮ ಮನೆಯಲ್ಲಿ ನಾಲ್ಕು ಹಸುಗಳಿವೆ, ಮೂರು ತಲೆಮಾರು ಹಾಲು ಕುಡಿದೇ ಬೆಳೆದಿದೆ. ಯಾರಿಗೂ ಕಫ ಕಟ್ಟಿಲ್ಲ. ಪ್ಯಾಕೆಟ್ ಹಾಲು ಕುಡಿಯುವವರಿಗೆ ಕಟ್ಟಬಹುದು, ಅದರ ಬಗ್ಗೆ ನನಗೆ ಗೊತ್ತಿಲ್ಲ.

ವೈದ್ಯವಿದ್ಯಾರ್ಥಿ
ಗೋಕುಲ ಅವರೇ, ಬಾದಾಮಿ ಹಾಲಿನ ಕಂಪನಿಗಳು ಹುಟ್ಟುವ ಮೊದಲೇ ಈ ಮಾತಿತ್ತು. ನಾನು ಆಯುರ್ವೇದ ಓದುತ್ತಿದ್ದೇನೆ. "ಆಯುರ್ವೇದದಲ್ಲಿ ಹಾಲು ಕಫಕಾರಕ ಎಂದಿದೆ" ಎಂದು ಎಲ್ಲರೂ ಹೇಳುತ್ತಾರೆ, ಮುಂದಿನ ಸಾಲನ್ನು ಯಾರೂ ಓದುವುದಿಲ್ಲ.

ಅಷ್ಟಾಂಗ ಹೃದಯದ ಸೂತ್ರಸ್ಥಾನ, ಐದನೆಯ ಅಧ್ಯಾಯ ತೆಗೆಯಿರಿ. ಹಾಲು ಸಾಮಾನ್ಯವಾಗಿ ಗುರು, ಶೀತ, ಶ್ಲೇಷ್ಮವನ್ನು ಅಂದರೆ ಕಫವನ್ನು ಹೆಚ್ಚಿಸುವಂಥದ್ದು ಎಂದು ಮೊದಲು ಹೇಳುತ್ತಾರೆ, ನಿಜ. ಅದರ ಬೆನ್ನಿಗೇ ಹಸುವಿನ ಹಾಲಿನ ಗುಣ ಹೇಳುವಾಗ ಅದು ಹೋಗಲಾಡಿಸುವ ತೊಂದರೆಗಳ ಪಟ್ಟಿಯಲ್ಲಿ ಶ್ವಾಸ ಮತ್ತು ಕಾಸ, ಅಂದರೆ ದಮ್ಮು ಮತ್ತು ಕೆಮ್ಮು, ಎರಡೂ ಇವೆ. ಆಡಿನ ಹಾಲನ್ನು ಇನ್ನೂ ಹಗುರ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ: ಆಡು ನೀರು ಕಡಿಮೆ ಕುಡಿಯುತ್ತದೆ, ಓಡಾಟ ಹೆಚ್ಚು, ಮೇಯುವುದು ಖಾರ ಮತ್ತು ಕಹಿ ಸೊಪ್ಪು. ಆಮೇಲೆ ಹಸಿ ಹಾಲು ಜಡ, ಸ್ರೋತಸ್ಸುಗಳನ್ನು ಅಂದರೆ ದೇಹದ ಒಳದಾರಿಗಳನ್ನು ಕಟ್ಟುವಂಥದ್ದು, ಕ್ರಮದಿಂದ ಕಾಯಿಸಿದ ಹಾಲು ಅದಕ್ಕೆ ವಿರುದ್ಧ ಎಂದಿದೆ. ತುಂಗಾತೀರ ಅವರ ಅತ್ತೆ ಮೆಣಸು ಹಾಕಿ ಕುದಿಸುವುದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅವರ ಮಾತುಗಳಲ್ಲಿ ವಿರೋಧವಿಲ್ಲ. ತಣ್ಣನೆಯ ಹಾಲು ಬೇರೆ, ಕುದಿಸಿದ ಖಾರದ ಹಾಲು ಬೇರೆ.

ಹೊಸ ಜ್ವರದಲ್ಲಿ ಹಾಲು ಬೇಡ ಎಂಬ ನಿಯಮವೂ ಉಂಟು. ಹಳೆಯ ಜ್ವರದಲ್ಲಿ ಮಾತ್ರ ಅದು ಹಿತ. ಬಹುಶಃ ಆ ಒಂದು ನಿಯಮವೇ ಊರೂರು ಸುತ್ತಿ "ನೆಗಡಿಗೆ ಹಾಲು ಬೇಡ" ಎಂದಾಗಿದೆ ಎಂಬುದು ನನ್ನ ಊಹೆ.

ಕಿವಿಮೂಗು
ಇದು ಚೆನ್ನಾಗಿದೆ. ಆದರೆ ಗ್ರಂಥದಲ್ಲಿದೆ ಎನ್ನುವುದು ನಂಬಿಕೆ ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿ, ಸಿಂಬಳ ಹೆಚ್ಚಾಯಿತು ಎಂಬುದಕ್ಕಲ್ಲ. ಅಂದ ಹಾಗೆ ಇದು ನಮ್ಮೊಬ್ಬರ ನಂಬಿಕೆಯೂ ಅಲ್ಲ. 12ನೇ ಶತಮಾನದ ಯಹೂದಿ ವೈದ್ಯ ಮೈಮೊನಿಡಿಸ್ ಹಾಲು ತಲೆಯಲ್ಲಿ ತುಂಬಿಕೊಳ್ಳುತ್ತದೆ ಎಂಬರ್ಥದಲ್ಲಿ ಬರೆದಿದ್ದಾನೆ. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ಮಕ್ಕಳ ಶ್ವಾಸಕೋಶ ತಜ್ಞ ಇಯಾನ್ ಬಾಲ್ಫೋರ್ ಲಿನ್ 2018ರಲ್ಲಿ ಇದರ ಮೇಲೆಯೇ ಒಂದು ಲೇಖನ ಬರೆದರು. ಎದೆಯಲ್ಲಿ ಕಫ ಕಟ್ಟುವ ದೀರ್ಘ ರೋಗಗಳಿರುವ ಮಕ್ಕಳಿಗೂ ತಂದೆತಾಯಿಯರು ಹಾಲು ನಿಲ್ಲಿಸಿಬಿಡುತ್ತಾರೆ, ತೂಕ ಏರಲೇಬೇಕಾದ ಮಕ್ಕಳಿಗೆ ಸುಮ್ಮನೆ ನಷ್ಟ ಎನ್ನುವುದು ಅವರ ಚಿಂತೆ.

ಮೆಲ್ಬರ್ನ್ ವಾಸಿ
ಇಲ್ಲಿಯೂ ಇದೇ. ನಮ್ಮ ಪಕ್ಕದ ಮನೆಯ ಗ್ರೀಕ್ ಮೂಲದ ಅಜ್ಜಿ, ಮಗಳ ಮೂಗು ಸುರಿಯುವುದನ್ನು ನೋಡಿ ಬೇಲಿಯಾಚೆಯಿಂದ ಹೇಳಿದ ಮೊದಲ ಮಾತು "ಹಾಲು ಕೊಡಬೇಡ". ಅಮ್ಮ ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ ಅದನ್ನೇ ಹೇಳಿದರು. ಇಬ್ಬರೂ ಭೇಟಿಯಾಗಿಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದೂ ಇಲ್ಲ.

ಅಂಕಿಅಂಶ
ಕಿವಿಮೂಗು ಸರ್, ನೀವು "ಹೊಸ ಕಫವಲ್ಲ" ಎಂದಿರಿ. ಅಳೆದವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ನಿಮ್ಮ ಮಾತೂ ಅತ್ತೆಯ ಮಾತೂ ಒಂದೇ ತಕ್ಕಡಿಯಲ್ಲಿ.

ಕಿವಿಮೂಗು
ಇದ್ದಾರೆ, ತಕ್ಕಡಿಯನ್ನೇ ಬಳಸಿ ಅಳೆದಿದ್ದಾರೆ. ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಕ್ಯಾರಲ್ ಪಿನೊಕ್ ಮತ್ತು ಸಂಗಡಿಗರು ಮಾಡಿದ್ದು, 1990ರಲ್ಲಿ ಪ್ರಕಟವಾಯಿತು. ಆರೋಗ್ಯವಾಗಿದ್ದ 60 ಮಂದಿ ವಯಸ್ಕ ಸ್ವಯಂಸೇವಕರಿಗೆ ನೆಗಡಿಯ ವೈರಾಣುವನ್ನು ಬೇಕೆಂದೇ ತಗುಲಿಸಿದರು. ಸಾಧಾರಣ ನೆಗಡಿಯ ರೈನೋವೈರಸ್‌ಗಳಲ್ಲಿ ಎರಡನೆಯ ಮಾದರಿ. ಆಮೇಲೆ ಹತ್ತು ದಿನ ಅವರು ಎಷ್ಟು ಹಾಲು, ಹಾಲಿನ ಪದಾರ್ಥ ಸೇವಿಸಿದರು, ಎಷ್ಟು ಕೆಮ್ಮಿದರು, ಮೂಗು ಎಷ್ಟು ಕಟ್ಟಿತ್ತು ಎಂದು ಬರೆಸಿಕೊಂಡರು. ಮೂಗು ಒರೆಸಿದ ಕಾಗದದ ಕರವಸ್ತ್ರಗಳನ್ನೆಲ್ಲ ಸಂಗ್ರಹಿಸಿ ತೂಗಿದರು. ಒಂದು ತೊಟ್ಟೂ ಹಾಲು ಕುಡಿಯದವರಿಂದ ಹಿಡಿದು ದಿನಕ್ಕೆ ಹನ್ನೊಂದು ಲೋಟ ಕುಡಿಯುವವರವರೆಗೆ ಜನ ಇದ್ದರು. ಹಾಲು ಹೆಚ್ಚು ಕುಡಿದವರ ಸಿಂಬಳದ ತೂಕ ಹೆಚ್ಚಿರಲಿಲ್ಲ.

ರಸವತ್ತಾದ ಸಂಗತಿ ಮುಂದಿದೆ. "ಹಾಲಿನಿಂದ ಕಫ" ಎಂದು ನಂಬಿದವರನ್ನು ಬೇರೆಯಾಗಿ ನೋಡಿದರು. ಅವರು ತಮಗೆ ಕೆಮ್ಮು, ಕಟ್ಟುವಿಕೆ ಹೆಚ್ಚೆಂದು ಬರೆದಿದ್ದರು. ಆದರೆ ಅವರ ಕಾಗದಗಳ ತೂಕ ಉಳಿದವರಿಗಿಂತ ಹೆಚ್ಚಿರಲಿಲ್ಲ. ಅನುಭವ ಹೆಚ್ಚು, ಪದಾರ್ಥ ಅಷ್ಟೇ.

ಬಯಲುಸೀಮೆ
ಸಿಂಬಳ ತೂಗುವ ಕೆಲಸಕ್ಕೂ ಸಂಬಳ ಕೊಡುತ್ತಾರೆಯೇ!

ಅಂಕಿಅಂಶ
ಸಂಬಳದ ಮಾತು ಆಮೇಲೆ. ಈ ಪ್ರಯೋಗದಲ್ಲಿ ಒಂದು ದೊಡ್ಡ ತೂತಿದೆ. ಯಾರು ಎಷ್ಟು ಹಾಲು ಕುಡಿಯಬೇಕೆಂದು ಸಂಶೋಧಕರು ಹಂಚಿಕೊಡಲಿಲ್ಲ, ಅವರವರ ಇಷ್ಟಕ್ಕೆ ಬಿಟ್ಟರು. ಹಾಲಿನಿಂದ ನಿಜವಾಗಿಯೂ ತೊಂದರೆಯಾಗುವವನು ಮೊದಲೇ ಹಾಲು ಬಿಟ್ಟಿರುತ್ತಾನೆ. ಹನ್ನೊಂದು ಲೋಟ ಕುಡಿಯುವವನು ಯಾವ ತೊಂದರೆಯೂ ಇಲ್ಲದ ಗಟ್ಟಿ ಆಸಾಮಿ. ಅಂಥವರನ್ನು ಹೋಲಿಸಿ "ವ್ಯತ್ಯಾಸವಿಲ್ಲ" ಎಂದರೆ ಏನು ಬೆಲೆ?

ಕಿವಿಮೂಗು
ಒಳ್ಳೆಯ ಪ್ರಶ್ನೆ. ಆ ತೂತು ಇದೆ, ಮುಚ್ಚುವುದಿಲ್ಲ. ಇನ್ನೊಂದನ್ನೂ ನಾನೇ ಹೇಳಿಬಿಡುತ್ತೇನೆ: ಹಾಲು ಹೆಚ್ಚಿದಂತೆ ಕೆಮ್ಮು ಒಣ ಕೆಮ್ಮಾಗುವ ಬದಲು ಸಡಿಲ ಕೆಮ್ಮಾಗುವ ಒಲವು ಕಂಡಿತ್ತು, ಆದರೆ ಅದು ಆಕಸ್ಮಿಕವಲ್ಲ ಎನ್ನುವಷ್ಟು ಬಲವಾಗಿರಲಿಲ್ಲ.

ನಿಮ್ಮ ಆಕ್ಷೇಪಕ್ಕೆ ಅರ್ಧ ಉತ್ತರ 1993ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿದೆ. ಅದೂ ಪಿನೊಕ್ ಅವರದೇ. 125 ಮಂದಿಗೆ ಹಾಲಿನ ಪಾನೀಯ ಅಥವಾ ಸೋಯಾ ಪಾನೀಯ ಕೊಟ್ಟರು. ಯಾವುದು ಯಾವುದೆಂದು ಗುರುತು ಸಿಗದಂತೆ ಎರಡಕ್ಕೂ ಚಾಕೊಲೇಟು ಮತ್ತು ಪುದೀನದ ರುಚಿ ಹಾಕಿದ್ದರು. ಕೊಟ್ಟವರಿಗೂ ಗೊತ್ತಿಲ್ಲ, ಕುಡಿದವರಿಗೂ ಗೊತ್ತಿಲ್ಲ, ಹಂಚಿದ್ದು ಚೀಟಿ ಎತ್ತಿದಂತೆ. ಕುಡಿದ ಮೇಲೆ "ಗಂಟಲಿಗೆ ಲೇಪವಾದಂತಿದೆ, ಜೊಲ್ಲು ದಪ್ಪವಾಗಿದೆ" ಎಂಬ ದೂರು ಎರಡೂ ಕಡೆಯಿಂದ ಬಂತು, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಅಂದರೆ ಅಂಟಿಸುವುದು ಹಾಲು ಎಂಬ ವಸ್ತುವಲ್ಲ. ಅದೇ ಹದದ, ಅದೇ ದಪ್ಪದ ಯಾವ ಪಾನೀಯವಾದರೂ ಹಾಗೆಯೇ ಮಾಡುತ್ತದೆ.

ಅಂಕಿಅಂಶ
ಇದು ಆರೋಗ್ಯವಂತರ ಗಂಟಲು, ಕುಡಿದ ಕೂಡಲಿನ ಮಾತು. ಮೊದಲನೆಯದು ನೆಗಡಿಯವರ ಮೂಗು, ಆದರೆ ಹಂಚಿಕೆಯಿಲ್ಲ. ಎರಡನ್ನೂ ಸೇರಿಸಿ ಒಂದು ಪೂರ್ತಿ ಉತ್ತರ ಎನ್ನುತ್ತಿದ್ದೀರಿ.

ಕಿವಿಮೂಗು
ಪೂರ್ತಿ ಎನ್ನಲಿಲ್ಲ. ಅದಲ್ಲದೆ ಎರಡರಲ್ಲಿಯೂ ಇದ್ದವರು ದೊಡ್ಡವರು, ತುಂಗಾತೀರ ಅವರ ಮಗನ ವಯಸ್ಸಿನವರಲ್ಲ. ಆದರೆ "ಹಾಲು ಕಫ ಹೆಚ್ಚಿಸುತ್ತದೆ" ಎನ್ನುವವರ ಕಡೆ ಇಷ್ಟೂ ಇಲ್ಲ ಎಂಬುದನ್ನು ಮರೆಯಬೇಡಿ.

ಕರಿಮೆಣಸು
ಇದೆ! ನನ್ನ ಭಾವ ಕಳಿಸಿದ್ದರು. ಇಂಗ್ಲೆಂಡಿನಲ್ಲಿ ಹಾಲು ಬಿಟ್ಟವರಿಗೆ ಕಫ ಕಡಿಮೆಯಾಯಿತಂತೆ. 2019ರದ್ದು.

ಕಿವಿಮೂಗು
ಭಾವನವರಿಗೆ ನಮಸ್ಕಾರ ತಿಳಿಸಿ, ಆ ಪ್ರಯೋಗ ನಿಜ. ಆದರೆ ಅದರಲ್ಲಿದ್ದವರು ನೆಗಡಿಯವರಲ್ಲ. ವರ್ಷವಿಡೀ ಮೂಗಿನ ಹಿಂದೆ, ಗಂಟಲಿನಲ್ಲಿ ಲೋಳೆ ಇದೆ ಎಂದು ದೂರುವ ಜನ, ನೂರಕ್ಕೂ ಸ್ವಲ್ಪ ಹೆಚ್ಚು. ಎಲ್ಲರಿಗೂ ಹಾಲಿನ ಪದಾರ್ಥ ಬಿಡಿಸಿ, ಕೆಲವರಿಗೆ ಹಸುವಿನ ಹಾಲು, ಕೆಲವರಿಗೆ ಸೋಯಾ ಕೊಟ್ಟರು. ಸೋಯಾ ಕುಡಿದವರು ತಮ್ಮ ಲೋಳೆ ಕಡಿಮೆಯಾಯಿತೆಂದು ಅಂಕ ಕೊಟ್ಟರು. ತೂಗಲಿಲ್ಲ, ಕೇಳಿದರು. ಅಡಿಲೇಡ್ ಪ್ರಯೋಗದ ಪಾಠವೇ ಜನ ಹೇಳುವುದಕ್ಕೂ ತಕ್ಕಡಿ ಹೇಳುವುದಕ್ಕೂ ಹೊಂದದಿರಬಹುದು ಎಂಬುದು. ಆದರೂ ಅದನ್ನು ನಾನು ತಳ್ಳಿಹಾಕುವುದಿಲ್ಲ. ತಿಂಗಳುಗಟ್ಟಲೆ ಗಂಟಲು ಕೆರೆಯುತ್ತ ಬರುವ ರೋಗಿ "ಎರಡು ವಾರ ಹಾಲು ಬಿಟ್ಟು ನೋಡಲೇ ಡಾಕ್ಟರೇ" ಎಂದರೆ ನೋಡಿ ಎನ್ನುತ್ತೇನೆ. ಅವರಲ್ಲಿ ಎಷ್ಟೋ ಜನರಿಗೆ ತೊಂದರೆ ರಾತ್ರಿ ತಡವಾಗಿ ಉಂಡು, ಮೇಲೆ ಒಂದು ಲೋಟ ಹಾಲು ಕುಡಿದು ಮಲಗುವುದರಿಂದ ಹೊಟ್ಟೆಯ ಹುಳಿ ಗಂಟಲಿಗೆ ಬರುವುದು. ಹಾಲು ಬಿಟ್ಟರೆ ಅದು ಕಡಿಮೆಯಾಗುತ್ತದೆ, ಹೆಸರು ಕಫಕ್ಕೆ ಬರುತ್ತದೆ.

ಧಾರವಾಡದ ಗಾಯಕಿ
ನಮ್ಮ ಕಡೆ ಯಾವ ಗುರುವೂ ಕಛೇರಿಯ ದಿನ ಹಾಲು, ಮೊಸರು ಮುಟ್ಟಲು ಬಿಡುವುದಿಲ್ಲ. ಡಾಕ್ಟರ್ ಹೇಳಿದ ಆ ಲೇಪ ನಮಗೆ ಸಣ್ಣ ಮಾತಲ್ಲ. ತಾರ ಷಡ್ಜಕ್ಕೆ ಹೋಗುವಾಗ ಗಂಟಲಲ್ಲಿ ಏನೋ ಕೂತಂತೆ ಅನ್ನಿಸಿದರೆ ತಾನೇತಾನಾಗಿ ಕೆಮ್ಮಿ ಸರಿಮಾಡಿಕೊಳ್ಳುತ್ತೇವೆ, ಆ ಕೆಮ್ಮೇ ಸ್ವರ ಕೆಡಿಸುತ್ತದೆ. ಅದು ಕಫವೋ ಜೊಲ್ಲೋ, ಹಾಡುವವಳಿಗೆ ವ್ಯತ್ಯಾಸವೇನೂ ಇಲ್ಲ. ಕಛೇರಿ ಮುಗಿದ ಮೇಲೆ ಮಾತ್ರ ದೊಡ್ಡ ಲೋಟದಲ್ಲಿ ಬಾದಾಮಿ ಹಾಲು ಕುಡಿಯುತ್ತೇನೆ.

ಗೋಕುಲ ಮಂಡ್ಯ
ನೋಡಿ, ಬಾದಾಮಿ ಬಂತು.

ಧಾರವಾಡದ ಗಾಯಕಿ
ಬಾದಾಮಿ ಅರೆದು ಹಾಕಿದ ಎಮ್ಮೆಯ ಹಾಲು ಸ್ವಾಮಿ, ನೀವು ಹೇಳುವ ಡಬ್ಬದ್ದಲ್ಲ.

ಗೋಕುಲ ಮಂಡ್ಯ
ಎಮ್ಮೆ ಹಾಲಾದರೆ ಅಂಟುವುದು ಹೆಚ್ಚೇ. ಹಸುವಿನ ಹಾಲಿಗಿಂತ ಕೊಬ್ಬು ಎರಡು ಪಟ್ಟಿನ ಹತ್ತಿರ ಇರುತ್ತದೆ. ಇನ್ನೊಂದು ಮಾತು: ನಾಟಿ ಹಸುವಿನ ಎ2 ಹಾಲಿಗೆ ಕಫ ಬರುವುದಿಲ್ಲ, ಸೀಮೆ ಹಸುವಿನ ಎ1 ಹಾಲಿಗೆ ಬರುತ್ತದೆ ಎಂದು ನಮ್ಮ ಕಡೆ ಲೀಟರಿಗೆ ದುಪ್ಪಟ್ಟು ಬೆಲೆಗೆ ಮಾರುತ್ತಿದ್ದಾರೆ. ಇದರಲ್ಲಿ ನಿಜವೆಷ್ಟು ಡಾಕ್ಟರೇ? ನಿಜವಾದರೆ ನಾನೂ ಎರಡು ಹಳ್ಳಿಕಾರ್ ಕಟ್ಟುತ್ತೇನೆ.

ಕಿವಿಮೂಗು
ಕಟ್ಟಿ, ಹಳ್ಳಿಕಾರ್ ಚೆಂದದ ತಳಿ. ಆದರೆ ಕಫದ ಲೆಕ್ಕಕ್ಕೆ ಕಟ್ಟಬೇಡಿ. ಎ1 ಹಾಲು ಜೀರ್ಣವಾಗುವಾಗ ಒಂದು ಸಣ್ಣ ತುಣುಕು ಹೊರಬರುತ್ತದೆ, ಪ್ರಯೋಗಾಲಯದಲ್ಲಿ ಕರುಳಿನ ಜೀವಕೋಶಗಳ ಮೇಲೆ ಅದನ್ನು ಹಾಕಿದರೆ ಅವು ಲೋಳೆ ಹೆಚ್ಚು ಸುರಿಸುತ್ತವೆ. ಇದನ್ನು ಹಿಡಿದು ಇಬ್ಬರು ಸಂಶೋಧಕರು 2010ರಲ್ಲಿ ಒಂದು ಊಹೆ ಮುಂದಿಟ್ಟರು: ಕರುಳಿನ ಗೋಡೆ ಸರಿಯಿಲ್ಲದ ಕೆಲವರಲ್ಲಿ ಆ ತುಣುಕು ರಕ್ತಕ್ಕೆ ಸೇರಿ, ಉರಿಯೂತವಿರುವ ಶ್ವಾಸನಾಳಕ್ಕೆ ಹೋಗಿ, ಅಲ್ಲಿಯೂ ಅದೇ ಕೆಲಸ ಮಾಡಬಹುದೇ ಎಂದು. ಎಷ್ಟು "ಆದರೆ"ಗಳು ಎಂದು ಎಣಿಸಿ. ಊಹೆ ಜಾಣತನದ್ದು, ಬೆಲೆ ದುಪ್ಪಟ್ಟು ಮಾಡಲು ಸಾಲದು.

ಹಾಸನದ ಅಮ್ಮ
ಎಲ್ಲರೂ ಇಷ್ಟು ಸಲೀಸಾಗಿ "ಹಾಲಿನಿಂದ ಏನೂ ಆಗದು" ಎನ್ನಬೇಡಿ. ನನ್ನ ಮಗಳಿಗೆ ಎಂಟು ತಿಂಗಳಿದ್ದಾಗ ಡಬ್ಬಿ ಹಾಲು ಶುರು ಮಾಡಿದ ಮೇಲೆ ಮೈಮೇಲೆ ದದ್ದು, ವಾಂತಿ, ಸುಂಯ್‌ಗುಡುವ ಉಸಿರು. ಎಲ್ಲರೂ ನೆಗಡಿ ಎಂದೇ ಹೇಳಿದರು. ಕೊನೆಗೆ ಹಾಲಿನ ಅಲರ್ಜಿ ಎಂದು ಪತ್ತೆಯಾಯಿತು. ನಿಲ್ಲಿಸಿದ ಮೇಲೆ ಮಗು ಬದಲಾಗಿಹೋಯಿತು.

ಕಿವಿಮೂಗು
ನೀವು ಹೇಳಿದ್ದು ಒಳ್ಳೆಯದಾಯಿತು. ಅಂಥ ಮಕ್ಕಳಿದ್ದಾರೆ, ನೂರಕ್ಕೆ ಎರಡು ಮೂರು ಕೂಸುಗಳು. ಅಲ್ಲಿ ಬರಿಯ ಮೂಗು ಸುರಿಯುವುದಿಲ್ಲ. ನೀವೇ ಬರೆದಿರುವಂತೆ ದದ್ದು, ವಾಂತಿ, ಕೆಲವೊಮ್ಮೆ ಮಲದಲ್ಲಿ ರಕ್ತ. ಹಾಲು ಕೊಟ್ಟಾಗಲೆಲ್ಲ ಬರುತ್ತದೆ, ನೆಗಡಿ ಇರಲಿ ಇಲ್ಲದಿರಲಿ. ತುಂಗಾತೀರ ಅವರ ಹುಡುಗ ಮೂರು ವರ್ಷ ಹಾಲು ಕುಡಿದು ಆರೋಗ್ಯವಾಗಿದ್ದಾನೆ, ಸೋಮವಾರದಿಂದ ಮಾತ್ರ ಮೂಗು ಸುರಿಯುತ್ತಿದೆ. ಅದು ವೈರಾಣುವಿನ ಲಕ್ಷಣ.

ತುಂಗಾತೀರ
ಇಷ್ಟು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಇವತ್ತು ಗುರುವಾರ, ಸಿಂಬಳ ನೀರಿನಂತಿದ್ದದ್ದು ಹಳದಿ ಹಸಿರಾಗಿ ಗಟ್ಟಿಯಾಗಿದೆ. ಅತ್ತೆ ಇದನ್ನೂ ನನ್ನ ಆ ಒಂದು ಲೋಟದ ಲೆಕ್ಕಕ್ಕೆ ಬರೆದಿದ್ದಾರೆ. ಸೋಂಕು ಎದೆಗಿಳಿಯಿತೆಂದು ಪಕ್ಕದ ಮನೆಯವರು ಆಂಟಿಬಯೋಟಿಕ್ ಹೆಸರನ್ನೂ ಹೇಳಿ ಹೋದರು.

ಕಿವಿಮೂಗು
ಪಕ್ಕದ ಮನೆಯವರನ್ನು ಕೈಮುಗಿದು ಕಳಿಸಿ.

ಬರಿಯ ನೆಗಡಿ ನಡೆಯುವ ರೀತಿಯೇ ಇದು. ಮೊದಲೆರಡು ದಿನ ನೀರು. ಮೂರು, ನಾಲ್ಕನೆಯ ದಿನಕ್ಕೆ ಗಟ್ಟಿ, ಹಳದಿ, ಹಸಿರು. ವೈರಾಣುವಿನ ವಿರುದ್ಧ ಬಂದ ಬಿಳಿ ರಕ್ತಕಣಗಳಲ್ಲಿ ಹಸಿರು ಬಣ್ಣದ ಒಂದು ಕಿಣ್ವವಿದೆ, ಬಣ್ಣ ಅದರದ್ದು. ಬಣ್ಣ ಒಂದನ್ನೇ ನೋಡಿ ಆಂಟಿಬಯೋಟಿಕ್ ಕೊಡುವಂತಿಲ್ಲ. ಏಳರಿಂದ ಹತ್ತು ದಿನಕ್ಕೆ ತಾನೇ ಇಳಿಯುತ್ತದೆ, ಕೆಮ್ಮು ಇನ್ನಷ್ಟು ದಿನ ಎಳೆಯಬಹುದು.

ಈ ಕ್ರಮದ ಮೇಲೆ ಹಾಲನ್ನು ಇಟ್ಟು ನೋಡಿ, ನಂಬಿಕೆ ಏಕೆ ಸಾಯುವುದಿಲ್ಲ ಎಂದು ತಿಳಿಯುತ್ತದೆ. ಎರಡನೆಯ ದಿನ ಹಾಲು ಕೊಟ್ಟಿರಿ, ಮೂರನೆಯ ದಿನ ಕಫ ಗಟ್ಟಿಯಾಯಿತು: ಹಾಲು ಮಾಡಿದ್ದು. ನಾಲ್ಕನೆಯ ದಿನ ಹಾಲು ನಿಲ್ಲಿಸಿದಿರಿ, ಆರನೆಯ ದಿನ ಇಳಿಯಿತು: ನಿಲ್ಲಿಸಿದ್ದರಿಂದ ಆದದ್ದು. ಹೇಗೆ ಮಾಡಿದರೂ ಅತ್ತೆಯೇ ಗೆಲ್ಲುತ್ತಾರೆ, ಏಕೆಂದರೆ ಯಾರೂ ಹಾಲು ಶುರುಮಾಡುವುದು ಏಳನೆಯ ದಿನವಲ್ಲ, ನಿಲ್ಲಿಸುವುದು ಮೊದಲನೆಯ ದಿನವಲ್ಲ. ಸೋತ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕು ದಿನ ಹಾಲು ಬಿಟ್ಟರೆ ದೊಡ್ಡವರಿಗೆ ನಷ್ಟವೂ ಏನಿಲ್ಲ, ಹಾಗಾಗಿ ಪರೀಕ್ಷಿಸುವ ಅಗತ್ಯವೂ ಬೀಳುವುದಿಲ್ಲ.

ಮೆಲ್ಬರ್ನ್ ವಾಸಿ
ನಾನು ಮನೆಯಲ್ಲೇ ಅಡಿಲೇಡ್ ಪ್ರಯೋಗ ಮಾಡಬಹುದೇ? ಅಡುಗೆಮನೆಯ ತಕ್ಕಡಿ ಇದೆ, ನೆಗಡಿಯೂ ಇದೆ.

ಅಂಕಿಅಂಶ
ಒರೆಸಿದ ಕಾಗದ ಗಾಳಿಗೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಕೂಡಲೇ ಮುಚ್ಚಿದ ಚೀಲಕ್ಕೆ ಹಾಕಬೇಕು. ಒಣ ಕಾಗದದ ತೂಕ ಮೊದಲೇ ತೆಗೆದಿಟ್ಟು ಕಳೆಯಬೇಕು. ಒಂದು ಗ್ರಾಮಿಗಿಂತ ಕಡಿಮೆ ತೋರಿಸದ ತಕ್ಕಡಿಯಾದರೆ ಪ್ರಯೋಜನವಿಲ್ಲ. ಒಂದು ನೆಗಡಿಯಲ್ಲಿ ಹಾಲಿನ ದಿನ, ಹಾಲಿಲ್ಲದ ದಿನ ಎಂದು ಮಾಡಿದರೂ ದಿನದಿನಕ್ಕೆ ನೆಗಡಿಯೇ ಬದಲಾಗುತ್ತದೆ, ಡಾಕ್ಟರ್ ಈಗಷ್ಟೇ ಹೇಳಿದರು. ಒಟ್ಟಿನಲ್ಲಿ ನಿಮ್ಮ ಹೆಂಡತಿ ಮನೆ ಬಿಟ್ಟು ಹೋಗುವುದು ಮಾತ್ರ ನಿಶ್ಚಿತ ಫಲಿತಾಂಶ.

ವೈದ್ಯವಿದ್ಯಾರ್ಥಿ
ಅರಿಶಿನ ಮೆಣಸಿನ ಹಾಲು ಕುಡಿದರೆ ಹಿತವಾಗುತ್ತದಲ್ಲ, ಅದನ್ನು ಯಾರೂ ಮಾತಾಡಲಿಲ್ಲ. ಉಡುಪಿ ಕಡೆ ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿದ ಕಷಾಯಕ್ಕೂ ಹಾಲು ಬೆಲ್ಲ ಹಾಕುತ್ತಾರೆ.

ಕಿವಿಮೂಗು
ಹಿತವಾಗುತ್ತದೆ, ನಾನೂ ಕುಡಿಯುತ್ತೇನೆ. ಬ್ರಿಟನ್ನಿನ ಕಾರ್ಡಿಫ್‌ನ ನೆಗಡಿ ಸಂಶೋಧನಾ ಕೇಂದ್ರದವರು 2008ರಲ್ಲಿ 30 ಜನರಿಗೆ ಒಂದೇ ಹಣ್ಣಿನ ಪಾನಕವನ್ನು ಬಿಸಿಯಾಗಿಯೂ ಕೋಣೆಯ ಶಾಖದಲ್ಲಿಯೂ ಕೊಟ್ಟು ನೋಡಿದರು. ಬಿಸಿ ಕುಡಿದಾಗ ಗಂಟಲು ನೋವು, ಚಳಿ, ಸುಸ್ತು ಎಲ್ಲ ಕೂಡಲೇ ಕಡಿಮೆಯೆನ್ನಿಸಿತು. ಮೂಗಿನಲ್ಲಿ ಗಾಳಿ ಹರಿಯುವುದನ್ನು ಯಂತ್ರದಿಂದ ಅಳೆದರೆ ಏನೂ ಬದಲಾಗಿರಲಿಲ್ಲ. ಮೆಣಸಿನ ಖಾರಕ್ಕೆ ಮೂಗು ಸ್ವಲ್ಪ ಸುರಿದು ಸಡಿಲವಾದಂತೆ ಅನ್ನಿಸುವುದು ಬೇರೆ. ತಣ್ಣನೆಯ ಹಾಲಿಗೆ ಬೈಗುಳ, ಬಿಸಿ ಹಾಲಿಗೆ ಹೊಗಳಿಕೆ ಸಿಗುವುದರಲ್ಲಿ ಶಾಖದ ಪಾಲು ದೊಡ್ಡದು.

ತುಂಗಾತೀರ ಅವರೇ, ಹುಡುಗನಿಗೆ ಹಾಲು ಕೊಡಿ. ಅವನು ತಿನ್ನುವುದು ಅದೊಂದೇ ಆದರೆ ನೀರೂ ಶಕ್ತಿಯೂ ಅದರಿಂದಲೇ ಹೋಗಬೇಕು. ಒಂದೇ ಸಲ ದೊಡ್ಡ ಲೋಟ ಬೇಡ, ಅರ್ಧರ್ಧ ಲೋಟ, ಕೂರಿಸಿ ಕುಡಿಸಿ, ಮೇಲೆ ಎರಡು ಗುಟುಕು ನೀರು. ಕುಡಿದ ಕೂಡಲೇ ಮಲಗಿಸಬೇಡಿ. ಅದಕ್ಕೂ ಮೊದಲು ಮೂಗಿಗೆ ಔಷಧ ಅಂಗಡಿಯ ಉಪ್ಪುನೀರಿನ ಹನಿ ಹಾಕಿ ಒರೆಸಿ, ಮೂಗು ಕಟ್ಟಿದ ಮಗುವಿಗೆ ಕುಡಿಯುತ್ತ ಉಸಿರಾಡಲು ಆಗುವುದಿಲ್ಲ. ಗಮನಿಸಬೇಕಾದದ್ದು ಕಫದ ಬಣ್ಣವಲ್ಲ, ಉಸಿರು. ಮಲಗಿರುವಾಗ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಎಣಿಸಿ. ಈ ವಯಸ್ಸಿಗೆ ನಲವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲನ್ನೂ ಬೇಡವೆಂದರೆ, ಮೂತ್ರ ಕಡಿಮೆಯಾದರೆ ಇಲ್ಲಿ ಬರೆಯುತ್ತ ಕೂರಬೇಡಿ, ಮಕ್ಕಳ ವೈದ್ಯರ ಬಳಿ ಹೋಗಿ.

ತುಂಗಾತೀರ
ಎಣಿಸಿದೆ, ಇಪ್ಪತ್ತೆಂಟು. ಪಕ್ಕೆ ಸರಿಯಿದೆ. ಅತ್ತೆಗೆ ಆಯುರ್ವೇದದ ಆ ಸಾಲನ್ನು ಓದಿ ಹೇಳಿದೆ, ಅಡಿಲೇಡ್ ತಕ್ಕಡಿಯನ್ನಲ್ಲ. "ಕಾಯಿಸಿದ್ದು ಆಗುತ್ತದೆ ಎಂದು ನಾನೇ ಹೇಳಲಿಲ್ಲವೇ?" ಎಂದರು. ಹೇಳಿರಲಿಲ್ಲ. ಚಿಟಿಕೆ ಅರಿಶಿನ ಹಾಕಿ ಅರ್ಧ ಲೋಟ ಅವರೇ ಕುಡಿಸಿದರು, ಕಕ್ಕಲಿಲ್ಲ.

ಅಂಕಿಅಂಶ
ಭಾನುವಾರಕ್ಕೆ ನೆಗಡಿ ಇಳಿಯುತ್ತದೆ, ಕೀರ್ತಿ ಅರಿಶಿನಕ್ಕೆ ಹೋಗುತ್ತದೆ. ಬರೆದಿಟ್ಟುಕೊಳ್ಳಿ.

ಹಾಸನದ ಅಮ್ಮ
ಹೋಗಲಿ ಬಿಡಿ, ಮಗು ಕುಡಿಯಿತಲ್ಲ.

ಕರಿಮೆಣಸು
ಎಲ್ಲವನ್ನೂ ಓದಿದೆ. ಜೊಲ್ಲೇ ಇರಬಹುದು. ನನ್ನ ಗಂಟಲಿಗೆ ಅದು ಬೇಡ, ನೆಗಡಿ ಮುಗಿಯುವವರೆಗೆ ಕರಿ ಕಾಫಿ.

ಬಯಲುಸೀಮೆ
ಬಾಳೆಹಣ್ಣಿನ ವಿಚಾರಕ್ಕೆ ಯಾರೂ ಉತ್ತರ ಕೊಡಲಿಲ್ಲ.